ಬೋರ್ಡು ಬದಲಿಸುವ ಮೊದಲು ಸಂಜೆಯ ಬಿಲ್ಲು ಎಣಿಸಿ

ಪ್ರಶ್ನೆ: ಸರ್, ಬದಿಯಡ್ಕ ಪೇಟೆಯಲ್ಲಿ ನಮ್ಮದೊಂದು ಜೀನಸು ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ತೇನೆ. ಗಿರಾಕಿಗಳು ಮೊದಲಿನ ಹಾಗೇ ಬರ್ತಾರೆ, ಆದರೆ ಎರಡು ವರ್ಷದಿಂದ ಗಲ್ಲೆಯಲ್ಲಿ ದುಡ್ಡು ಕಾಣುವುದಿಲ್ಲ. ಸಂಖ್ಯಾಶಾಸ್ತ್ರ ನೋಡುವ ಒಬ್ಬರು ಅಂಗಡಿಯ ಹೆಸರಿನ ಮೊತ್ತ ಸರಿ ಇಲ್ಲ, ಪೂರ್ತಿ ಹೊಸ ಹೆಸರು ಇಡಿ, ಜಿಎಸ್‌ಟಿ ನಂಬರನ್ನೂ ಹೊಸದು ಮಾಡಿಸಿ ಅಂದಿದ್ದಾರೆ. ಬೋರ್ಡಿನವರಿಗೆ 5,000 ರೂಪಾಯಿ ಅಡ್ವಾನ್ಸ್ ಕೊಟ್ಟಾಗಿದೆ. ಅಮ್ಮನಿಗೆ ಇದರಲ್ಲಿ ನಂಬಿಕೆ ಇದೆ. ಬದಲಿಸಲೋ, ಬೇಡವೋ?

ಉತ್ತರ: ಜಿಎಸ್‌ಟಿ ನಂಬರಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಅಲ್ಲಿ ಅವಸರ ಮಾಡಿದರೆ ಕೈಯಿಂದ ದುಡ್ಡು ಹೋಗುತ್ತದೆ. ಹೆಸರು ಬದಲಿಸಲು ಹೊಸ ನಂಬರು ಬೇಕಾಗಿಯೇ ಇಲ್ಲ. ನಿಮ್ಮ ನಂಬರು ಕೂತಿರುವುದು ನಿಮ್ಮ ಪ್ಯಾನ್ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಅಲ್ಲ. ಪ್ಯಾನ್ ಅದೇ ಇರುವಾಗ ವ್ಯಾಪಾರದ ಹೆಸರು ಮಾತ್ರ ಬದಲಾದರೆ, ಬದಲಾದ 15 ದಿನದೊಳಗೆ ಪೋರ್ಟಲ್‌ನಲ್ಲಿ REG-14 ಎಂಬ ತಿದ್ದುಪಡಿ ಅರ್ಜಿ ಹಾಕಿದರೆ ಸಾಕು. ಅದು ಬಿಟ್ಟು ಹಳೆಯದನ್ನು ರದ್ದು ಮಾಡಿಸಲು ಹೋದರೆ, ನೀವು ರೆಗ್ಯುಲರ್ ಸ್ಕೀಮಿನಲ್ಲಿ ಇದ್ದ ಪಕ್ಷದಲ್ಲಿ, ಅಂಗಡಿಯಲ್ಲಿ ಉಳಿದಿರುವ ಅಷ್ಟೂ ಸಾಮಾನಿನ ಮೇಲೆ ತೆಗೆದುಕೊಂಡ ತೆರಿಗೆ ಕ್ರೆಡಿಟ್ಟನ್ನು ಹಿಂದೆ ಕಟ್ಟಬೇಕಾಗುತ್ತದೆ. ಮೂರು ತಿಂಗಳೊಳಗೆ GSTR-10 ಎಂಬ ಕೊನೆಯ ರಿಟರ್ನ್ ಕೂಡ ಹಾಕಬೇಕು. ಹಾಗಾಗಿ ಹೆಸರಿನ ಬಗ್ಗೆ ನೀವು ಏನೇ ನಿರ್ಧಾರ ಮಾಡಿ, ನಂಬರು ಮಾತ್ರ ಮುಟ್ಟಬೇಡಿ.

ಇನ್ನು ಮೊತ್ತದ ಮಾತು. ನಿಮ್ಮ ಅಂಗಡಿಯ ಹೆಸರು ಇಲ್ಲಿ ಬೇಡ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಲ್ಲೂ ಸಿಗಬಹುದಾದ GANESH STORES ಎಂಬ ಹೆಸರನ್ನು ತೆಗೆದುಕೊಳ್ಳೋಣ. ಹೆಚ್ಚಿನವರು ಬಳಸುವುದು ‘ಕ್ಯಾಲ್ಡಿಯನ್’ ಎಂಬ ಪಟ್ಟಿ. ಅದರಲ್ಲಿ ಜಿಗೆ 3, ಎಗೆ 1, ಎನ್ ಮತ್ತು ಇಗೆ ತಲಾ 5, ಎಸ್‌ಗೆ 3, ಎಚ್‌ಗೆ 5. ಮೊದಲ ಪದಕ್ಕೆ 22 ಬರುತ್ತದೆ, ಎರಡನೆಯದಕ್ಕೆ 24. ಒಟ್ಟು 46. ಕೂಡಿದರೆ 10, ಮತ್ತೆ ಕೂಡಿದರೆ 1. ವ್ಯಾಪಾರಕ್ಕೆ 6 ಬೇಕು ಎಂದರೆ ಇನ್ನೊಂದು ಎಚ್ ಸೇರಿಸಿ GANESHH STORES ಮಾಡುತ್ತಾರೆ. ಆಗ 51, ಅಂದರೆ 6.

ಆದರೆ ‘ಪೈಥಾಗೊರಿಯನ್’ ಎಂಬ ಇನ್ನೊಂದು ಪಟ್ಟಿಯೂ ಇದೆ. ಅದರಲ್ಲಿ ಎಯಿಂದ ಐವರೆಗೆ 1ರಿಂದ 9, ಜೆಯಿಂದ ಮತ್ತೆ 1ರಿಂದ ಶುರು. ಆ ಪಟ್ಟಿಯಲ್ಲಿ ಹಳೆಯ GANESH STORES ಕೂಡಿ ನೋಡಿ: 27 ಮತ್ತು 24, ಒಟ್ಟು 51. ಅಂದರೆ 6! ಏನೂ ಮಾಡದೆಯೇ ಬೇಕಾದ ಸಂಖ್ಯೆ ಅಲ್ಲಿತ್ತು. ಎಚ್ ಸೇರಿಸಿದರೆ 59 ಆಗಿ, ಕೊನೆಗೆ 5ಕ್ಕೆ ಇಳಿಯುತ್ತದೆ. ಒಂದೇ ಬೋರ್ಡು, ಒಂದು ಪಟ್ಟಿಯಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಕ್ಯಾಲ್ಡಿಯನ್ ಪಟ್ಟಿಯನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯರು ಕೀರೋ ಎಂಬ ಹೆಸರಿನಿಂದ ಪ್ರಸಿದ್ಧರಾದ ಐರ್ಲೆಂಡಿನ ವಿಲಿಯಂ ಜಾನ್ ವಾರ್ನರ್ (1866–1936). ಹೆಸರು ಪ್ರಾಚೀನ ಬಾಬಿಲೋನಿನದ್ದು, ಆದರೆ ಅದು ಅಂಕಿ ಕೊಡುವುದು ಇಂಗ್ಲಿಷ್ ಅಕ್ಷರಗಳಿಗೆ. ಆ ಕಾಲದಲ್ಲಿ ಈ ಅಕ್ಷರಗಳೇ ಇರಲಿಲ್ಲ.

ನಮ್ಮೂರಿಗೆ ಸಂಬಂಧಪಟ್ಟ ಮಾತು ಇನ್ನೊಂದಿದೆ. ನಮ್ಮಲ್ಲಿ ಬೋರ್ಡು ಅಂದರೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರುತ್ತದೆ. ಆ ಹೆಚ್ಚುವರಿ ಎಚ್ ಕನ್ನಡದಲ್ಲೂ ಕಾಣುವುದಿಲ್ಲ, ಮಲಯಾಳದಲ್ಲೂ ಕಾಣುವುದಿಲ್ಲ. ಬಾಯಲ್ಲಿ ಹೇಳುವಾಗಲೂ ಕೇಳಿಸುವುದಿಲ್ಲ. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನ ಇಂಗ್ಲಿಷ್ ಬೋರ್ಡು ಓದಿಕೊಂಡು ಒಳಗೆ ಬರುತ್ತಾರೆ?

ಈಗ ಒಂದು ಅಂಗಡಿಯ ಕತೆ ಹೇಳುತ್ತೇನೆ. ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಈ ಕತೆಯ ಕಾಗದಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋದವು. ಗುರುತು ಸಿಗದ ಹಾಗೆ ಜಾಗವನ್ನೂ ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ.

ಕುಂಬಳೆಗೂ ಉಪ್ಪಳಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಪೂರ್ವ ಬದಿಯಲ್ಲಿ ಒಬ್ಬರ ಜೀನಸು ಅಂಗಡಿ. ಬೋರ್ಡಿನಲ್ಲಿ ಮನೆತನದ ಹೆಸರಿತ್ತು. ಊರವರು ಕರೆಯುತ್ತಿದ್ದದ್ದು ಮಾತ್ರ ಅವರ ತಂದೆಯ ಹೆಸರಿನ ಜೊತೆ ‘ಅಣ್ಣನ ಅಂಗಡಿ’ ಎಂದು. ದಿನಕ್ಕೆ ಸರಾಸರಿ 170 ಬಿಲ್ಲು, ಒಂದೊಂದು ಬಿಲ್ಲಿಗೆ ಸುಮಾರು 120 ರೂಪಾಯಿ. ಇಪ್ಪತ್ತು ಸಾವಿರದ ಮೇಲೆ ವ್ಯಾಪಾರ ಇತ್ತು. ಅದು ನಿಧಾನವಾಗಿ ಇಳಿದು ಹದಿನಾಲ್ಕು ಸಾವಿರಕ್ಕೆ ಬಂತು. ಗಾಬರಿಯಾಗದೆ ಇರುತ್ತದಾ? ಪರಿಚಯದವರೊಬ್ಬರು ಸಂಖ್ಯಾಶಾಸ್ತ್ರದವರ ಹತ್ತಿರ ಕರೆದುಕೊಂಡು ಹೋದರು. ಮನೆತನದ ಹೆಸರು ಹೋಗಿ, ‘ಮಾರ್ಟ್’ ಎಂದು ಮುಗಿಯುವ ಒಂದು ಹೊಸ ಹೆಸರು ಬಂತು. ಆಟಿ ಕಳೆದು ಚಿಂಗಂ ಒಂದರಂದು, ಅಂದರೆ ಆಗಸ್ಟ್ ನಡುವಿನಲ್ಲಿ, ದೀಪ ಇರುವ ಹೊಸ ಬೋರ್ಡು ಹತ್ತಿತು.

ಖರ್ಚು ನೋಡಿ. ಬೋರ್ಡಿಗೆ 38,000, ಸಲಹೆಗೆ 11,000, ಬಿಲ್ಲು ಪುಸ್ತಕ ಮತ್ತು ಹೆಸರು ಅಚ್ಚು ಹಾಕಿದ ಚೀಲಗಳಿಗೆ 9,000. ಒಟ್ಟು 58,000. ಅವರ ಅಂಗಡಿಯಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ 12 ರೂಪಾಯಿ ಉಳಿಯುತ್ತಿತ್ತು, ಅದೂ ಬಾಡಿಗೆ, ಕರೆಂಟು ಕಳೆಯುವ ಮೊದಲು. ಅಂದರೆ ಆ 58,000 ವಾಪಸ್ ಬರಬೇಕಾದರೆ 4.83 ಲಕ್ಷ ರೂಪಾಯಿ ವ್ಯಾಪಾರ ಹೆಚ್ಚಾಗಿ ಆಗಬೇಕು. ಬೋರ್ಡಿನವರಿಗೆ ಬಾಕಿ ಕೊಡುವ ಮೊದಲು ನಿಮ್ಮ ಅಂಗಡಿಗೂ ಇದೇ ಲೆಕ್ಕ ಹಾಕಿ.

ಮೊದಲ ತಿಂಗಳು ವ್ಯಾಪಾರ ಏರಿತು. ದಿನಕ್ಕೆ 150 ಬಿಲ್ಲು, ಬಿಲ್ಲಿಗೆ 140 ರೂಪಾಯಿ. 21,000! ಅವರು ಸಿಹಿ ತೆಗೆದುಕೊಂಡು ನನ್ನ ಆಫೀಸಿಗೆ ಬಂದರು. ಅವರ ಖುಷಿ ನೋಡಿ ನನಗೂ ಸಂತೋಷವೇ ಆಯಿತು. ಆದರೆ ಲೆಕ್ಕ ಎಲ್ಲರಿಗೂ ಒಂದೇ ಅಲ್ವಾ? ಹಿಂದಿನ ವರ್ಷದ ಅದೇ ತಿಂಗಳ ಪುಟ ತೆಗೆದು ಪಕ್ಕಕ್ಕೆ ಇಟ್ಟೆ. ಆಗ ದಿನಕ್ಕೆ 205 ಬಿಲ್ಲು, ಬಿಲ್ಲಿಗೆ 145 ರೂಪಾಯಿ. ಹತ್ತಿರ ಹತ್ತಿರ 30,000.

ಆಟಿಯಲ್ಲಿ ಮಳೆ, ಮದುವೆ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಆ ಕಾಲದಲ್ಲಿ ನಮ್ಮ ಕಡೆಯ ಅಂಗಡಿಗಳೆಲ್ಲ ಮಂಕಾಗಿರುತ್ತವೆ. ಅದು ಕಳೆದರೆ ಅಷ್ಟಮಿ, ಚೌತಿ, ಓಣಂ ಒಂದರ ಹಿಂದೆ ಒಂದು. ಹೊಸ ಬೋರ್ಡು ಇದ್ದರೂ ಇಲ್ಲದಿದ್ದರೂ ವ್ಯಾಪಾರ ಏಳುತ್ತದೆ. ಜನ ಹೆಸರು ಬದಲಿಸಲು ಹೊರಡುವುದೇ ವ್ಯಾಪಾರ ತೀರಾ ಬಿದ್ದಾಗ, ಬದಲಿಸುವುದು ಒಳ್ಳೆಯ ದಿನ ನೋಡಿ. ಹಾಗಾಗಿ ಹೆಸರು ಬದಲಿಸಿದ ಮೇಲೆ ಏರಿತು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಏರಿದ್ದು ನಿಜವೇ. ಹೋಲಿಸಬೇಕಾದದ್ದು ಮಾತ್ರ ಹಿಂದಿನ ತಿಂಗಳ ಜೊತೆ ಅಲ್ಲ, ಹಿಂದಿನ ವರ್ಷದ ಅದೇ ತಿಂಗಳ ಜೊತೆ. ಹಬ್ಬಗಳ ತಾರೀಕು ಹಿಂದೆ ಮುಂದೆ ಆಗುವುದರಿಂದ ಅದನ್ನೂ ನೋಡಿಕೊಳ್ಳಬೇಕು. ಹಾಗೆ ಹೋಲಿಸಿದರೆ ಅವರ ವ್ಯಾಪಾರದಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಇನ್ನೂ ಕಾಣೆಯಾಗಿತ್ತು.

ಇದರ ಮಧ್ಯೆ ಹೊಸ ಹೆಸರು ತಂದ ಉಪದ್ರವ ಬೇರೆ. ಹಳೆಯ ಗಿರಾಕಿಗಳು ‘ಅಂಗಡಿ ಮಾರಿದಿರಾ?’ ಎಂದು ಕೇಳತೊಡಗಿದರು. ಸಾಲದ ಪುಸ್ತಕದಲ್ಲಿ ಹೆಸರಿದ್ದ ಕೆಲವರು ಯಜಮಾನ ಬದಲಾಗಿದ್ದಾರೆ ಎಂದುಕೊಂಡು ಕೊಡುವುದನ್ನು ಮುಂದೆ ಹಾಕಿದರು. ಸಾಮಾನು ಹಾಕುವ ಒಬ್ಬ ಡಿಸ್ಟ್ರಿಬ್ಯೂಟರ್ ಹೊಸ ಹೆಸರಿನ ಕಾಗದ ಬರುವ ತನಕ 15 ದಿನದ ಕಡ ನಿಲ್ಲಿಸಿದರು. ಓಣಂ ಸ್ಟಾಕಿಗೆ ನಗದು ಬೇಕಾಯಿತು, ಮನೆಯ ಚಿನ್ನ ಅಡವು ಹೋಯಿತು. ಚಾಲ್ತಿ ಖಾತೆಯ ಹೆಸರು ಬದಲಾದ ಕಾರಣ ಹಳೆಯ ಹೆಸರಿಗೆ ಬರೆದ ಒಂದು ಚೆಕ್ ಮತ್ತೆ ಬರೆಸಿಕೊಳ್ಳಬೇಕಾಯಿತು. ಪಂಚಾಯತ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ, ಆಹಾರ ಸುರಕ್ಷತೆಯ ನೋಂದಣಿ, ತಕ್ಕಡಿಯ ಮುದ್ರೆಯ ಸರ್ಟಿಫಿಕೇಟು, ಕ್ಯೂಆರ್ ಕೋಡು, ಇವೆಲ್ಲದರಲ್ಲೂ ಹೆಸರು ಒಂದೇ ಆಗುವಷ್ಟರಲ್ಲಿ ತಿಂಗಳುಗಳೇ ಕಳೆದವು.

ಅಕ್ಟೋಬರಿನಲ್ಲಿ ವ್ಯಾಪಾರ ಮತ್ತೆ ಹದಿನಾಲ್ಕು ಸಾವಿರಕ್ಕೆ ಬಂದು ನಿಂತಿತು. ಆಗ ನಾವು ಬಿಲ್ಲು ಹರಡಿಕೊಂಡು ಕೂತೆವು.

ವ್ಯಾಪಾರ ಎಂದರೆ ಬಿಲ್ಲುಗಳ ಸಂಖ್ಯೆ ಗುಣಿಸು ಒಂದು ಬಿಲ್ಲಿನ ಸರಾಸರಿ ಮೊತ್ತ. ಇಳಿದದ್ದು ಎರಡರಲ್ಲಿ ಯಾವುದು ಎಂದು ಮೊದಲು ತಿಳಿಯಬೇಕು. ಜನ ಅಷ್ಟೇ ಬರುತ್ತಾರೆ ಆದರೆ ಕಡಿಮೆ ಕೊಳ್ಳುತ್ತಾರೆ ಎಂದಾದರೆ ತೊಂದರೆ ಸಾಮಾನಿನಲ್ಲೋ ದರದಲ್ಲೋ ಇದೆ. ಬಂದವರು ಮೊದಲಿನಷ್ಟೇ ಕೊಳ್ಳುತ್ತಾರೆ, ಆದರೆ ಬರುವವರೇ ಕಡಿಮೆ ಎಂದಾದರೆ ತೊಂದರೆ ದಾರಿಯಲ್ಲಿ ಇದೆ. ಅವರದ್ದು ಎರಡನೆಯ ಬಗೆ. ಬಿಲ್ಲಿನ ಮೊತ್ತ 122 ರೂಪಾಯಿ, ಮೊದಲಿಗಿಂತ ಕಡಿಮೆ ಅಲ್ಲ. ಬಿಲ್ಲುಗಳು ಮಾತ್ರ 170ರಿಂದ 115ಕ್ಕೆ ಇಳಿದಿದ್ದವು.

ಬಿಲ್ಲಿಂಗ್ ಮೆಷಿನ್ನಿನ ಚೀಟಿಯಲ್ಲಿ ಹೊತ್ತು ಇರುತ್ತದೆ. ಗಂಟೆ ಗಂಟೆಗೆ ಬೇರೆ ಮಾಡಿದೆವು. ಬೆಳಿಗ್ಗೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮಧ್ಯಾಹ್ನ ಸ್ವಲ್ಪ ಕಡಿಮೆ. ಸಂಜೆ 5ರಿಂದ 8ರ ಒಳಗೆ ಮೊದಲು 70 ಬಿಲ್ಲು ಆಗುತ್ತಿದ್ದ ಕಡೆ 28. ಕಡಿಮೆಯಾದ 55ರಲ್ಲಿ 42 ಆ ಮೂರು ಗಂಟೆಯದ್ದೇ.

ಅವರು ಆ ಕಾಗದವನ್ನು ನೋಡುತ್ತಾ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ‘ಬಸ್ಸು’ ಅಂದರು.

ಮಂಗಳೂರಿನಿಂದ ಬರುವ ಬಸ್ಸು ನಿಲ್ಲುವುದು ರಸ್ತೆಯ ಪೂರ್ವ ಬದಿಯಲ್ಲಿ. ಮೊದಲು ಬಸ್‌ ಸ್ಟಾಪು ಇವರ ಅಂಗಡಿಯ ಎದುರಿಗೇ ಇತ್ತು. ಮಂಗಳೂರಿನಲ್ಲಿ ಕೆಲಸ ಮುಗಿಸಿ ಬರುವವರು ಅಲ್ಲಿ ಇಳಿದು, ಹಾಲು, ತರಕಾರಿ, ಮೊಟ್ಟೆ ಕೊಂಡು, ರಸ್ತೆ ದಾಟಿ ರೈಲು ಹಳಿಯ ಕಡೆಯ ಮನೆಗಳಿಗೆ ಹೋಗುತ್ತಿದ್ದರು. ಹೆದ್ದಾರಿ ಆರು ಪಥ ಆದ ಮೇಲೆ ನಡುವೆ ಗೋಡೆ ಬಂತು, ದಾಟುವ ಜಾಗ ಮುಚ್ಚಿತು. ಸ್ಟಾಪು ಅರ್ಧ ಕಿಲೋಮೀಟರ್ ಉತ್ತರಕ್ಕೆ, ಅಂಡರ್‌ಪಾಸಿನ ಹತ್ತಿರ ಹೋಯಿತು. ಈಗ ಜನ ಅಲ್ಲೇ ಇಳಿದು, ಅಡಿಯಿಂದ ಪಶ್ಚಿಮಕ್ಕೆ ನುಗ್ಗಿ ಮನೆ ಸೇರುತ್ತಾರೆ. ಇವರ ಅಂಗಡಿ ಅವರ ದಾರಿಯಲ್ಲೇ ಇಲ್ಲ. ಸಾಮಾನು ಕೊಳ್ಳಲು ಅಷ್ಟು ದೂರ ದಕ್ಷಿಣಕ್ಕೆ ನಡೆದು ಮತ್ತೆ ವಾಪಸ್ ಬರುವವರು ಯಾರು? ರಸ್ತೆಯ ಕೆಲಸ ವರ್ಷಗಟ್ಟಲೆ ಕಣ್ಣೆದುರೇ ನಡೆಯಿತು. ನಿಧಾನವಾಗಿ ಆದ ಬದಲಾವಣೆಯಾದ್ದರಿಂದ ಯಾವ ದಿನ ಏನು ಹೋಯಿತು ಎಂದು ಅವರಿಗೆ ಹೊಳೆಯಲಿಲ್ಲ.

ಅಂಗಡಿ ಪೂರ್ತಿ ಬೇರೆ ಕಡೆಗೆ ಹೋಗುವ ಮಾತು ಬಂತು. ಆದರೆ ಕಟ್ಟಡ ಸ್ವಂತದ್ದು, ಬೆಳಗಿನ ಗಿರಾಕಿಗಳು ಪೂರ್ವ ಬದಿಯವರೇ. ಅವರನ್ನು ಬಿಟ್ಟರೆ ಇರುವುದೂ ಹೋಗುತ್ತದೆ. ಕೊನೆಗೆ ಅಂಡರ್‌ಪಾಸ್ ದಾಟಿದ ಕಡೆ, ತಿಂಗಳಿಗೆ 6,000 ಬಾಡಿಗೆಗೆ ಒಂದು ಸಣ್ಣ ಕೋಣೆ ತೆಗೆದುಕೊಂಡರು. ಜಿಎಸ್‌ಟಿಯಲ್ಲಿ ಅದನ್ನು ಹೆಚ್ಚುವರಿ ವ್ಯಾಪಾರ ಸ್ಥಳ ಎಂದು ಸೇರಿಸಿದೆವು, ಪಂಚಾಯತ್ ಲೈಸೆನ್ಸ್ ಬೇರೆ ಮಾಡಿಸಿದೆವು. ಸಂಜೆ ನಾಲ್ಕೂವರೆಯಿಂದ ಎಂಟೂವರೆ ತನಕ ಮಗ ಅಲ್ಲಿ ಕೂರುತ್ತಾನೆ. ಹಾಲು, ಬ್ರೆಡ್ಡು, ಮೊಟ್ಟೆ, ತರಕಾರಿ, ಸೋಪು. ಬೇರೆ ಏನಿಲ್ಲ.

ಲಾಭದ ಮಾತು ಹೇಳುವಾಗ ಉಬ್ಬಿಸಿ ಹೇಳಬಾರದು. ಅಲ್ಲಿ ದಿನಕ್ಕೆ ಸುಮಾರು 30 ಬಿಲ್ಲು, ಬಿಲ್ಲಿಗೆ 95 ರೂಪಾಯಿ. ತಿಂಗಳಿಗೆ 85,000 ವ್ಯಾಪಾರ, ಉಳಿಯುವುದು ಹತ್ತು ಸಾವಿರ. ಬಾಡಿಗೆ, ಕರೆಂಟು ಕಳೆದರೆ ಮೂರು ಸಾವಿರದ ಆಚೆ ಈಚೆ. ಮಗನ ಸಂಬಳ ಹಾಕಿದರೆ ಅದೂ ಇಲ್ಲ. ಆದರೆ ಆ ಕೋಣೆಯಲ್ಲಿ ಹಳೆಯ ಗಿರಾಕಿಗಳ ಮುಖ ಮತ್ತೆ ಕಂಡಿತು. ಅವರು ತಿಂಗಳ ಸಾಮಾನಿನ ಚೀಟಿ ಅಲ್ಲಿ ಕೊಟ್ಟು ಹೋಗುತ್ತಾರೆ ಅಥವಾ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಮರುದಿನ ಸ್ಕೂಟರಿನಲ್ಲಿ ಮನೆಗೆ ತಲುಪುತ್ತದೆ. ಅಂಗಡಿ ಹಿಡಿದು ನಿಂತದ್ದು ಆ ತಿಂಗಳ ಸಾಮಾನಿನಿಂದ. ಕಳೆದುಹೋದ ವ್ಯಾಪಾರ ಪೂರ್ತಿ ಬಂದಿಲ್ಲ, ಸುಮಾರು ಅರ್ಧ ಬಂದಿದೆ. ಹೊಸ ಕೋಣೆಗೆ ಅವರು ತಂದೆಯ ಹೆಸರನ್ನೇ ಬರೆಸಿದರು, ‘ಅಣ್ಣನ ಅಂಗಡಿ’ ಎಂದೇ, ದೊಡ್ಡ ಕನ್ನಡ ಮತ್ತು ಮಲಯಾಳ ಅಕ್ಷರದಲ್ಲಿ. ಯಾರದ್ದು ಎಂದು ಯಾರೂ ಕೇಳಲಿಲ್ಲ.

ಈಗ ನಿಮ್ಮ ಅಂಗಡಿಗೆ ಬರೋಣ. ನಿಮ್ಮ ತೊಂದರೆ ಅವರದ್ದಲ್ಲ. ಗಿರಾಕಿಗಳು ಮೊದಲಿನ ಹಾಗೇ ಬರುತ್ತಾರೆ ಎಂದು ನೀವೇ ಬರೆದಿದ್ದೀರಿ. ಅದು ನಿಜವಾದರೆ ನಾನು ಎರಡು ಕಡೆ ನೋಡುತ್ತೇನೆ.

ಒಂದು, ಸಾಲದ ಪುಸ್ತಕ. ಅಡಿಕೆ ಕೃಷಿಕರು ಇರುವ ಕಡೆ ಕಡ ಕೊಡದೆ ಅಂಗಡಿ ನಡೆಯುವುದಿಲ್ಲ, ಅದು ನನಗೆ ಗೊತ್ತು. ಅಡಿಕೆ ಮಾರಿದಾಗ ಅವರು ಕೊಡುತ್ತಾರೆ. ಆದರೆ ಒಬ್ಬೊಬ್ಬರ ಹೆಸರಿನ ಎದುರು ಬಾಕಿ ಎಷ್ಟು ಎಂದು ಮಾತ್ರ ನೋಡಿದರೆ ಸಾಲದು, ಕೊನೆಯ ಸಲ ಯಾವ ತಾರೀಕಿಗೆ ಕೊಟ್ಟರು ಎಂದು ಬರೆಯಿರಿ. ಒಂದು ತಿಂಗಳ ಒಳಗಿನವರು, ಮೂರು ತಿಂಗಳ ಒಳಗಿನವರು, ಒಂದು ಅಡಿಕೆ ಕೊಯ್ಲು ಪೂರ್ತಿ ಕಳೆದರೂ ಕೊಡದವರು ಎಂದು ಮೂರು ಗುಂಪು ಮಾಡಿ. ಮೂರನೆಯ ಗುಂಪಿನ ಮೊತ್ತ ಎರಡು ವರ್ಷದಲ್ಲಿ ಬೆಳೆದಿದ್ದರೆ, ನಿಮ್ಮ ಗಲ್ಲೆಯ ದುಡ್ಡು ಅಲ್ಲಿದೆ. ಅವರ ಜೊತೆ ಜಗಳ ಬೇಡ. ಹಳೆಯ ಬಾಕಿಯನ್ನು ಬೇರೆ ಪುಟದಲ್ಲಿ ನಿಲ್ಲಿಸಿ, ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಳ್ಳಿ, ಹೊಸ ಸಾಮಾನು ನಗದಿಗೆ ಕೊಡಿ. ಕೆಲವರು ಬರುವುದನ್ನೇ ಬಿಡುತ್ತಾರೆ, ಆ ನಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಎರಡು, ಅಕ್ಕಿಯ ಚೀಲ. ನಿಮ್ಮ ಹತ್ತಿರ ಐಟಂ ಐಟಂ ಬಿಲ್ಲು ಇಲ್ಲದಿದ್ದರೂ ಖರೀದಿ ಬಿಲ್ಲುಗಳು ಇರುತ್ತವೆ. ಈ ವರ್ಷದ ಮೂರು ತಿಂಗಳಲ್ಲಿ ಎಷ್ಟು ಚೀಲ ಅಕ್ಕಿ, ಎಷ್ಟು ಡಬ್ಬ ತೆಂಗಿನೆಣ್ಣೆ, ಎಷ್ಟು ಚೀಲ ಸಕ್ಕರೆ ತಂದಿರಿ? ಎರಡು ವರ್ಷದ ಹಿಂದೆ ಅದೇ ತಿಂಗಳುಗಳಲ್ಲಿ ಎಷ್ಟು? ಇವು ಮೂರೂ ಇಳಿದು, ಬಿಸ್ಕೆಟ್, ಸೋಪು, ಹಾಲು ಹಾಗೇ ಇದ್ದರೆ, ನಿಮ್ಮ ಗಿರಾಕಿಗಳು ತಿಂಗಳ ಸಾಮಾನಿಗೆ ಬೇರೆ ಕಡೆ ಹೋಗಿ, ಮರೆತದ್ದಕ್ಕೆ ಮಾತ್ರ ನಿಮ್ಮಲ್ಲಿ ಬರುತ್ತಿದ್ದಾರೆ. ಆಗ ಗಿರಾಕಿಗಳು ಕಾಣುತ್ತಾರೆ, ದುಡ್ಡು ಕಾಣುವುದಿಲ್ಲ. ಎಲ್ಲ ಸಾಮಾನಿನಲ್ಲೂ ದೊಡ್ಡ ಸೂಪರ್ ಮಾರ್ಕೆಟ್ಟಿನ ದರಕ್ಕೆ ಇಳಿಯಲು ಹೋಗಬೇಡಿ, ನಿಮಗೆ ಆ ಖರೀದಿ ದರ ಸಿಗುವುದಿಲ್ಲ. ಜನ ದರ ನೆನಪಿಟ್ಟುಕೊಳ್ಳುವ ನಾಲ್ಕೈದು ಸಾಮಾನಿನಲ್ಲಿ ಮಾತ್ರ ಸಮ ಮಾಡಿ, ತಿಂಗಳ ಚೀಟಿಯನ್ನು ಮನೆಗೆ ತಲುಪಿಸಿ. ಇದರಲ್ಲೂ ಅಪಾಯ ಇದೆ: ಆ ನಾಲ್ಕೈದರಲ್ಲಿ ಲಾಭ ಇರುವುದಿಲ್ಲ, ಬೇರೆ ಸಾಮಾನು ಜೊತೆಗೆ ಹೋಗದಿದ್ದರೆ ಸುಮ್ನೆ ದುಡಿದ ಹಾಗಾಗುತ್ತದೆ. ಮೂರು ತಿಂಗಳು ನೋಡಿ, ಬಿಲ್ಲಿನ ಸರಾಸರಿ ಏರದಿದ್ದರೆ ನಿಲ್ಲಿಸಿ.

ಅಮ್ಮನ ನಂಬಿಕೆಯ ವಿಷಯದಲ್ಲಿ ನಾನು ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ, ನೀವೂ ಇಳಿಯಬೇಡಿ. ಗಂಡ ಕಟ್ಟಿದ ಅಂಗಡಿ ಸೋಲುತ್ತಿದೆ ಎಂಬ ಸಂಕಟ ಅವರದ್ದು. ಅವರ ಸಮಾಧಾನಕ್ಕೆ ಏನಾದರೂ ಮಾಡಲೇಬೇಕು ಎಂದಾದರೆ, ಹೆಸರು ಹಾಗೇ ಇಟ್ಟು ಇಂಗ್ಲಿಷ್ ಸಾಲಿನಲ್ಲಿ ಒಂದು ಅಕ್ಷರ ಸೇರಿಸಿ. ಕನ್ನಡ, ಮಲಯಾಳದ ಸಾಲು ಮುಟ್ಟಬೇಡಿ. ಗಿರಾಕಿಗಳಿಗೆ ಗೊಂದಲ ಆಗುವುದಿಲ್ಲ. ಆದರೆ ಅಕ್ಷರ ಒಂದೇ ಆದರೂ ಬೋರ್ಡು, ಬಿಲ್ಲು, ಜಿಎಸ್‌ಟಿ ಸರ್ಟಿಫಿಕೇಟು, ಬ್ಯಾಂಕು ಎಲ್ಲ ಕಡೆ ಒಂದೇ ತರಹ ಇರುವಂತೆ ತಿದ್ದುಪಡಿ ಹಾಕಿಸಿ. ಪೂರ್ತಿ ಹೊಸ ಹೆಸರು ಮಾತ್ರ ಈಗ ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಸಾಲದ ಪುಸ್ತಕದಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಿರುವಾಗ ಅಂಗಡಿ ಕೈ ಬದಲಾಗಿದೆ ಎಂಬ ಸುದ್ದಿ ಹಬ್ಬಿದರೆ ವಸೂಲಿ ಇನ್ನೂ ಕಷ್ಟ.

ಬೋರ್ಡಿಗೆ ಕೊಟ್ಟ 5,000 ಬಗ್ಗೆ ಹೇಳುವುದಾದರೆ, ವಾಪಸ್ ಕೇಳಿ ನೋಡಿ. ಕೊಡದಿದ್ದರೆ ಅದೇ ದುಡ್ಡಿಗೆ ಹಳೆಯ ಹೆಸರಿನ ಬೋರ್ಡನ್ನೇ ಹೊಸದಾಗಿ ಮಾಡಿಸಿ. ಕೆಳಗೆ ಫೋನ್ ನಂಬರು ಮತ್ತು ‘ಮನೆಗೆ ತಲುಪಿಸುತ್ತೇವೆ’ ಎಂದು ಎರಡೂ ಭಾಷೆಯಲ್ಲಿ ಬರೆಸಿ. ಜಿಎಸ್‌ಟಿ ನಂಬರು ಬೋರ್ಡಿನ ಮೇಲೆ ಇರಬೇಕು ಎಂಬುದು ನಿಯಮ, ಅದೂ ಬಿಟ್ಟುಹೋಗದಿರಲಿ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿ ಇದ್ದರೆ ಆ ಮಾತನ್ನೂ ಬರೆಸಬೇಕು. ಬರೆಸುವ ಮೊದಲು ಸಾಲದ ಪುಸ್ತಕವನ್ನೂ ಆ ಎರಡೂ ವರ್ಷದ ಮೂರು ಮೂರು ತಿಂಗಳ ಖರೀದಿ ಬಿಲ್ಲುಗಳನ್ನೂ ಒಂದು ಭಾನುವಾರ ಕೂತು ನೋಡಿಬಿಡಿ. ಎರಡರಲ್ಲೂ ಏನೂ ಸಿಗದಿದ್ದರೆ ಅಂಕಿಗಳನ್ನು ನನಗೆ ಬರೆದು ಕಳಿಸಿ.